ಬ್ರೈಡಲ್ ಪ್ಯಾಕೇಜ್ ರೀಲ್: ಹೇಳುವ ಪ್ರತಿ ಮಾತಿಗೂ ಒಂದು ಶಾಟ್

ಬಡಾವಣೆಯಲ್ಲಿ ಪಾರ್ಲರ್ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಬ್ರೈಡಲ್ ಪ್ಯಾಕೇಜಿಗೆ ಒಂದು ರೀಲ್ ಮಾಡ್ಬೇಕು, ಅದರಲ್ಲಿ ಏನು ಹೇಳೋದು?" ಕೇಳುವವರಲ್ಲಿ ಹೆಚ್ಚಿನವರ ಫೋನಿನಲ್ಲಿ ವಿಡಿಯೊ ತುಣುಕುಗಳು ಬೇಕಾದಷ್ಟಿರುತ್ತವೆ. ಇಲ್ಲದ್ದು ಸ್ಕ್ರಿಪ್ಟ್. ಹಾಗಾಗಿ ಒಂದು ಹಾಡು, ಒಂದು ಫಿಲ್ಟರ್, ಕೊನೆಯಲ್ಲಿ ದೊಡ್ಡಕ್ಷರದ "ಗ್ಯಾರಂಟಿ" ಹಾಕಿ ಮುಗಿಸಿಬಿಡುತ್ತಾರೆ. ಆಮೇಲೆ ಮದುಮಗಳು ಅದೇ ರೀಲನ್ನು ತೆರೆದು ಹಿಡಿದು "ನಂಗೂ ಹೀಗೇ ಆಗ್ಬೇಕು" ಅಂದಾಗ ಕಷ್ಟ ಶುರುವಾಗುತ್ತದೆ. ಆ ಮುಖ ಫಿಲ್ಟರಿನದು, ನಿಮ್ಮ ಕೈಯದಲ್ಲ.

ಈ ಲೇಖನದಲ್ಲಿ ಸುಮಾರು ಮುಕ್ಕಾಲು ನಿಮಿಷದ ಒಂದೇ ಒಂದು ರೀಲನ್ನು ಮೊದಲಿಂದ ಕೊನೆಯವರೆಗೆ ಕಟ್ಟೋಣ. ನಿಯಮ ಒಂದೇ. ಧ್ವನಿಯಲ್ಲಾಗಲಿ ಪರದೆಯ ಮೇಲಿನ ಅಕ್ಷರದಲ್ಲಾಗಲಿ ಹೇಳುವ ಪ್ರತಿ ಮಾತಿಗೂ ಅದನ್ನು ತೋರಿಸುವ ಒಂದು ಶಾಟ್ ಇರಬೇಕು. ಶಾಟ್ ಇಲ್ಲದ ಮಾತನ್ನು ಹೊಡೆದುಹಾಕಿ.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಫೋನ್, ಅದನ್ನು ಅಲುಗದಂತೆ ನಿಲ್ಲಿಸಲು ಟ್ರೈಪಾಡ್, ನೇರ ಬಿಸಿಲು ಬೀಳದ ಒಂದು ಕಿಟಕಿ, ನೆಲಕ್ಕೆ ಅಂಟಿಸಲು ಟೇಪ್. ಜೊತೆಗೆ ಪ್ಯಾಕೇಜಿನಲ್ಲಿ ಏನಿದೆ, ಏನಿಲ್ಲ ಎಂದು ಬರೆದಿಟ್ಟ ಒಂದು ಹಾಳೆ. ಬಹಳ ಜನರ ಬಳಿ ಇಲ್ಲದಿರುವುದು ಈ ಹಾಳೆಯೇ.

1. ಒಂದು ಪ್ಯಾಕೇಜ್, ಒಬ್ಬಳೇ ಮದುಮಗಳು

ಹತ್ತು ಮದುಮಗಳರ ಮುಖಗಳನ್ನು ಸರಸರ ತೋರಿಸುವ ರೀಲ್ ನೋಡಲು ಚೆಂದ. ಆದರೆ ನೋಡಿದವಳಿಗೆ ಪ್ಯಾಕೇಜಿನ ಬಗ್ಗೆ ಏನೂ ತಿಳಿಯುವುದಿಲ್ಲ. ಒಬ್ಬಳ ಕೆಲಸವನ್ನು ಟ್ರಯಲ್‌ನಿಂದ ಸಮಾರಂಭ ಮುಗಿಯುವವರೆಗೆ ಹಿಂಬಾಲಿಸಿ. ಟ್ರಯಲ್ ಎಂದರೆ ಮದುವೆಗೆ ಮೊದಲೇ ಒಂದು ದಿನ ಪೂರ್ತಿ ಮೇಕಪ್ ಮಾಡಿ ನೋಡುವುದು.

ಯಾರನ್ನು ಆರಿಸಬೇಕು? ನಿಮ್ಮಲ್ಲಿಗೆ ಬರುವವರು ಸಾಮಾನ್ಯವಾಗಿ ಹೇಳಿಕೊಳ್ಳುವ ತೊಂದರೆ ಇರುವವಳನ್ನೇ ಆರಿಸಿ. ಮೊಡವೆ ಕಲೆ, ಕಣ್ಣಡಿಯ ಕಪ್ಪು, ಬಾಯಿಯ ಸುತ್ತ ಬಣ್ಣದ ವ್ಯತ್ಯಾಸ, ಇಂಥವು. ಮೊದಲೇ ಕಲೆಯಿಲ್ಲದ ಮುಖ ತೋರಿಸಿದರೆ ನಿಮ್ಮ ಕೈಚಳಕ ಕಾಣುವುದೇ ಇಲ್ಲ.

ಒಪ್ಪಿಗೆ ಬರವಣಿಗೆಯಲ್ಲಿರಲಿ, ಮೇಕಪ್‌ ಕುರ್ಚಿಯಲ್ಲಿ ಕೂರಿಸಿಕೊಂಡು ಕೇಳಬೇಡಿ. ಅಲ್ಲಿ ಕೂತವಳು ಬೇಡ ಅನ್ನಲಾರಳು. ಟ್ರಯಲ್‌ಗೂ ಮುಂಚೆಯೇ ಕೇಳಿ. ಮೇಕಪ್ ಇಲ್ಲದ ಮುಖವನ್ನು ತೋರಿಸುತ್ತೇವೆ, ಎಲ್ಲೆಲ್ಲಿ ಹಾಕುತ್ತೇವೆ, ಹಣ ಕೊಟ್ಟು ಜಾಹೀರಾತಾಗಿ ಓಡಿಸುತ್ತೇವೋ ಇಲ್ಲವೋ, ಬೇಡವೆಂದಾಗ ತೆಗೆಯುತ್ತೇವೆ ಎಂಬ ನಾಲ್ಕು ಮಾತು ಒಪ್ಪಿಗೆ ಪತ್ರದಲ್ಲಿರಬೇಕು. ಹಿನ್ನೆಲೆಯಲ್ಲಿ ಓಡಾಡುವ ಅವಳ ಮನೆಯವರ ಮುಖಗಳಿಗೆ ಅವಳ ಸಹಿ ಸಾಲದು. ಅವರನ್ನು ಫ್ರೇಮಿನಿಂದ ಹೊರಗಿಡುವುದೇ ಸುಲಭ.

2. ಕೌಂಟರಿನಲ್ಲಿ ಆಡುವ ಮಾತನ್ನು ಬರೆದು, ಜರಡಿ ಹಿಡಿಯಿರಿ

ಗಿರಾಕಿ ಫೋನ್ ಮಾಡಿದಾಗ ಪ್ಯಾಕೇಜಿನ ಬಗ್ಗೆ ನೀವು ಏನು ಹೇಳುತ್ತೀರೋ ಅದನ್ನೆಲ್ಲ ಹಾಗೇ ಬರೆಯಿರಿ. ಈಗ ಒಂದೊಂದು ವಾಕ್ಯದ ಪಕ್ಕದಲ್ಲೂ "ಇದನ್ನು ಯಾವ ಶಾಟ್‌ನಲ್ಲಿ ತೋರಿಸಲಿ?" ಎಂದು ಕೇಳಿಕೊಳ್ಳಿ. ಸಾಮಾನ್ಯವಾಗಿ ಐದು ಮಾತು ಈ ಜರಡಿಯಲ್ಲಿ ಸಿಕ್ಕಿಬೀಳುತ್ತವೆ.

"ಕಲೆರಹಿತ ಚರ್ಮ." ಇಲ್ಲಿ ಮೇಕಪ್ಪಿನ ಮಿತಿಯನ್ನು ಅರಿತಿರಬೇಕು. ಮೇಕಪ್ ಬಣ್ಣವನ್ನು ಮುಚ್ಚುತ್ತದೆ, ಏರುತಗ್ಗನ್ನು ಅಳಿಸುವುದಿಲ್ಲ. ಮೊಡವೆ ಒಣಗಿ ಉಳಿದ ಚಪ್ಪಟೆ ಕಂದು ಕಲೆ ಕರೆಕ್ಟರ್ ಮತ್ತು ಫೌಂಡೇಶನ್‌ನ ಅಡಿ ಬಹುತೇಕ ಮರೆಯಾಗುತ್ತದೆ. ಕರೆಕ್ಟರ್ ಎಂದರೆ ಕಪ್ಪು ಅಥವಾ ನೀಲಿ ಛಾಯೆಯನ್ನು ತಗ್ಗಿಸಲು ಮೊದಲು ಹಚ್ಚುವ ಕಿತ್ತಳೆ ಛಾಯೆಯ ಕ್ರೀಮ್. ಉಬ್ಬಿದ ಮೊಡವೆ, ಗುಳಿಬಿದ್ದ ಗಾಯದ ಗುರುತು ಹಾಗಲ್ಲ. ಅವು ನೆರಳು ಮಾಡುತ್ತವೆ, ಬಣ್ಣ ಒಂದೇ ಆದರೂ ನೆರಳು ಉಳಿಯುತ್ತದೆ. ಕಣ್ಣಡಿಯ ಕಪ್ಪಿಗೂ ಇದೇ ಲೆಕ್ಕ: ಬಣ್ಣದಿಂದ ಬಂದ ಕಪ್ಪು ಮುಚ್ಚುತ್ತದೆ, ಕಣ್ಣು ಒಳಗಿಳಿದು ಬಂದ ನೆರಳು ಪೂರ್ತಿ ಹೋಗುವುದಿಲ್ಲ. ಆದ್ದರಿಂದ "ಕಲೆಯ ಬಣ್ಣ ಮುಚ್ಚುತ್ತೆ" ಎಂದು ಬರೆಯಿರಿ. ಅದನ್ನು ತೋರಿಸಬಹುದು.

"ಒಂದೆರಡು ಶೇಡ್ ಬೆಳ್ಳಗೆ." ಇದನ್ನು ಸ್ಕ್ರಿಪ್ಟಿನಿಂದ ಮಾತ್ರವಲ್ಲ, ಕೆಲಸದಿಂದಲೂ ತೆಗೆಯುವುದು ಒಳ್ಳೆಯದು. ಚರ್ಮಕ್ಕಿಂತ ತಿಳಿಯಾದ ಫೌಂಡೇಶನ್ ಕನ್ನಡಿಯಲ್ಲಿ ಹೇಗೋ ನಡೆದುಹೋಗುತ್ತದೆ, ಫೋಟೋದಲ್ಲಿ ಮುಖ ಬೂದಿ ಬಳಿದಂತೆ ಕಂಡು ಕತ್ತು ಬೇರೆ, ಮುಖ ಬೇರೆ ಆಗುತ್ತದೆ. "ಕತ್ತಿನ ಬಣ್ಣಕ್ಕೆ ಹೊಂದಿಸುತ್ತೇವೆ" ಎನ್ನುವುದು ತೋರಿಸಬಹುದಾದ ಮಾತು. ಕತ್ತು ಮತ್ತು ಕೈ ಮುಖದ ಜೊತೆಗೆ ಒಂದೇ ಫ್ರೇಮಿನಲ್ಲಿ ಬಂದರೆ ಸಾಕು.

"ಇಡೀ ದಿನ ಹಾಗೇ ಇರುತ್ತೆ." ಬೆವರು, ಕಣ್ಣೀರು, ಊಟ, ಎಣ್ಣೆ ಚರ್ಮ ಇವೆಲ್ಲದರ ಎದುರು ಹಾಗೇ ಇರುವ ಮೇಕಪ್ ಇಲ್ಲ. ವಾಟರ್‌ಪ್ರೂಫ್ ಮಸ್ಕಾರ ನೀರಿಗೆ ತಡೆಯುತ್ತದೆ, ಎಣ್ಣೆಗೆ ಜಾರುತ್ತದೆ. ಗಂಟೆಯ ಲೆಕ್ಕ ಹೇಳಲೇಬೇಕೆಂದರೆ ಇದೇ ಮದುಮಗಳ ಮುಖ ಇಷ್ಟು ಗಂಟೆಯ ನಂತರ ಹೀಗಿತ್ತು ಎಂದು ತೋರಿಸಿ.

"ಎಚ್‌ಡಿ ಮೇಕಪ್, ಏರ್‌ಬ್ರಶ್ ಮೇಕಪ್." ಏರ್‌ಬ್ರಶ್ ಎಂದರೆ ಸಣ್ಣ ಕಂಪ್ರೆಸರಿನಿಂದ ಫೌಂಡೇಶನ್ನನ್ನು ತುಂತುರಾಗಿ ಸಿಂಪಡಿಸುವ ವಿಧಾನ. ಎಚ್‌ಡಿ ಎನ್ನುವುದು ಕ್ಯಾಮೆರಾಗೆ ತೆಳ್ಳಗೆ ಕಾಣುವಂತೆ ಹಚ್ಚುವ ಕೆಲಸಕ್ಕೆ ಮಾರುಕಟ್ಟೆ ಕೊಟ್ಟ ಹೆಸರು, ಅದಕ್ಕೆ ಅಳತೆಗೋಲಿಲ್ಲ. ಹೆಸರು ಹೇಳಬಹುದು, ಜೊತೆಗೆ ನೀವು ಅದರಡಿ ನಿಜವಾಗಿ ಮಾಡುವುದನ್ನು ಒಂದು ಶಾಟ್‌ನಲ್ಲಿ ತೋರಿಸಿ.

"ಅಲರ್ಜಿ ಆಗುವುದೇ ಇಲ್ಲ." ಯಾವ ಪಾರ್ಲರಿಗೂ ಈ ಮಾತು ಹೇಳುವ ಅಧಿಕಾರವಿಲ್ಲ. ಹೇಳಬಹುದಾದದ್ದು ಪ್ಯಾಚ್ ಟೆಸ್ಟ್ ಮಾಡುತ್ತೇವೆ ಎಂದು, ಅಂದರೆ ಕಿವಿಯ ಹಿಂದೆಯೋ ಮೊಣಕೈಯ ಒಳಭಾಗದಲ್ಲೋ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡುವುದು. ಚರ್ಮದ ಅಲರ್ಜಿ ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳುವುದುಂಟು. ಹಾಗಾಗಿ ಮದುವೆಯ ಹಿಂದಿನ ದಿನದ ಟ್ರಯಲ್ ಈ ವಿಷಯದಲ್ಲಿ ಉಪಯೋಗಕ್ಕೆ ಬಾರದು. ಪ್ಯಾಚ್ ಟೆಸ್ಟ್ ನೀವು ಮಾಡುವುದಿಲ್ಲವಾದರೆ ರೀಲ್‌ನಲ್ಲಿ ಸುಮ್ಮನಿರಿ.

3. 'ಮುಂಚೆ' ಮತ್ತು 'ನಂತರ': ಬದಲಾಗಬೇಕಾದ್ದು ಮೇಕಪ್ ಮಾತ್ರ

ರೀಲಿನ ಪ್ರಾಣ ಇರುವುದು ಈ ಎರಡು ಶಾಟ್‌ಗಳಲ್ಲಿ. ಬೇಕೆಂದು ಮೋಸ ಮಾಡದವರೂ ಎಡವುವುದು ಇಲ್ಲೇ. ಬೆಳಗ್ಗೆ ಟ್ಯೂಬ್‌ಲೈಟಿನ ಕೆಳಗೆ ಕೂದಲು ಕೆದರಿ ಕೂತವಳನ್ನು ಮೇಲಿನಿಂದ ತೆಗೆದು, ಮೇಕಪ್ ಮುಗಿದ ಮೇಲೆ ರಿಂಗ್ ಲೈಟಿನ ಎದುರು ನಗಿಸಿ ತೆಗೆಯುತ್ತಾರೆ. ಅರ್ಧ ವ್ಯತ್ಯಾಸ ಬೆಳಕಿನದು, ಕಾಲು ನಗುವಿನದು.

ಬೆಳಕಿನಿಂದ ಶುರು ಮಾಡೋಣ. ರಿಂಗ್ ಲೈಟ್ ಮುಖಕ್ಕೆ ನೇರ ಎದುರಿನಿಂದ ಬೀಳುತ್ತದೆ, ನೆರಳೆಲ್ಲ ಮಾಯವಾಗಿ ಗುಳಿ, ಉಬ್ಬು ಸಮತಟ್ಟಾಗುತ್ತದೆ. ಪಕ್ಕದಿಂದ ಬರುವ ಕಿಟಕಿ ಬೆಳಕು ಚರ್ಮವನ್ನು ಇದ್ದ ಹಾಗೆ ತೋರಿಸುತ್ತದೆ. ಎರಡೂ ಶಾಟನ್ನು ಅದೇ ಕಿಟಕಿಯ ಪಕ್ಕದಲ್ಲೇ ತೆಗೆಯಿರಿ. ಕುರ್ಚಿಯ ಕಾಲು ಮತ್ತು ಟ್ರೈಪಾಡಿನ ಕಾಲು ಇರುವ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ಮೇಕಪ್ ಮುಗಿಯಲು ಕೆಲವು ಗಂಟೆ ಹಿಡಿಯುವುದರಿಂದ ಹಗಲು ಬೆಳಕೂ ಬದಲಾಗುತ್ತದೆ. ಮುಗಿಯುವ ಹೊತ್ತಿಗೆ ಕತ್ತಲಾಗುವಂತಿದ್ದರೆ ಕಿಟಕಿ ಬಿಡಿ, ಒಂದು ಎಲ್‌ಇಡಿ ದೀಪವನ್ನು 45 ಡಿಗ್ರಿ ಪಕ್ಕಕ್ಕೆ ನಿಲ್ಲಿಸಿ ಎರಡು ಶಾಟಿಗೂ ಅದನ್ನೇ ಬಳಸಿ.

ಎರಡನೆಯದು ಫೋನಿನ ಅತಿಬುದ್ಧಿ. ಫ್ರೇಮಿನಲ್ಲಿ ಹೊಳೆಯುವ ಉಡುಗೆ ಬಂದ ತಕ್ಷಣ ಕ್ಯಾಮೆರಾ ತಾನಾಗಿ ಬೆಳಕನ್ನೂ ಬಣ್ಣವನ್ನೂ ಬದಲಿಸುತ್ತದೆ, ಹೀಗಾಗಿ ಅದೇ ಮುಖ ಒಮ್ಮೆ ಹಳದಿ, ಒಮ್ಮೆ ನೀಲಿ. ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್ ಮತ್ತು ಬೆಳಕಿನ ಪ್ರಮಾಣ ಲಾಕ್ ಆಗುತ್ತದೆ. ಬಣ್ಣಕ್ಕೆ ವೈಟ್ ಬ್ಯಾಲೆನ್ಸ್ ಎಂಬ ಬೇರೆ ಆಯ್ಕೆ ಇರುತ್ತದೆ, ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆ ಅದು. ನಿಮ್ಮ ಫೋನಿನಲ್ಲಿ ಅದು ಸಿಗದಿದ್ದರೆ ಎರಡೂ ಶಾಟ್‌ನಲ್ಲಿ ಮುಖದ ಪಕ್ಕ ಒಂದು ಬಿಳಿ ಟವೆಲ್ ಕಾಣುವಂತಿಡಿ. ಟವೆಲ್ಲಿನ ಬಿಳುಪು ಎರಡರಲ್ಲೂ ಒಂದೇ ಆಗಿದ್ದರೆ ಹೋಲಿಕೆ ನ್ಯಾಯವಾಗಿದೆ ಎಂದರ್ಥ.

ಮೂರನೆಯದು ದೂರ. ಫೋನನ್ನು ಮುಖದ ಹತ್ತಿರ ತಂದರೆ ಮೂಗು ದಪ್ಪವಾಗಿ ಮುಖದ ಆಕಾರವೇ ಕೆಡುತ್ತದೆ. 'ಮುಂಚೆ' ಹತ್ತಿರದಿಂದ, 'ನಂತರ' ದೂರದಿಂದ ತೆಗೆದರೆ ಮೇಕಪ್ ಮುಖವನ್ನೇ ತೆಳ್ಳಗೆ ಮಾಡಿತು ಅನ್ನಿಸುತ್ತದೆ. ಹಿಂಬದಿಯ ಕ್ಯಾಮೆರಾ ಬಳಸಿ, ಒಂದೂವರೆ ಮೀಟರ್ ದೂರದಲ್ಲಿ ನಿಂತು, ಎರಡು ಪಟ್ಟು ಜೂಮ್ ಮಾಡಿ. ಮುಖಭಾವ ಎರಡರಲ್ಲೂ ಒಂದೇ ಇರಲಿ. ಬಾಯಿ ಮುಚ್ಚಿ ನೇರ ನೋಟ, ನಂತರ ನಿಧಾನವಾಗಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗುವುದು. ಎರಡರಲ್ಲೂ ಕೂದಲು ಹಣೆಯಿಂದ ಹಿಂದಕ್ಕಿರಲಿ.

ಕೊನೆಗೆ ಫಿಲ್ಟರ್. ನೀವು ಹಾಕದಿದ್ದರೂ ಅದು ಇರಬಹುದು. ಕೆಲವು ಫೋನುಗಳ ಕ್ಯಾಮೆರಾದಲ್ಲಿ ಬ್ಯೂಟಿ ಮೋಡ್ ಮೊದಲಿಂದಲೇ ಆನ್ ಆಗಿರುತ್ತದೆ, ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ 'ಸ್ಮೂತ್' ಎಂಬ ಪಟ್ಟಿ ಶೂನ್ಯದಲ್ಲಿರದೆ ಮುಂದಕ್ಕೆ ಸರಿದು ನಿಂತಿರುತ್ತದೆ. ಪತ್ತೆಹಚ್ಚುವುದು ಸುಲಭ. ಶೂಟಿಂಗ್‌ಗೆ ಮುಂಚೆ ಕೆಲವು ಸೆಕೆಂಡು ತೆಗೆದು ಹುಬ್ಬಿನ ಕೂದಲು ಮತ್ತು ಕಿವಿಯ ಮುಂದಿನ ನವಿರು ಕೂದಲನ್ನು ದೊಡ್ಡದು ಮಾಡಿ ನೋಡಿ, ಅವು ಕರಗಿಹೋಗಿದ್ದರೆ ಏನೋ ಆನ್ ಇದೆ. ಮುಖದ ಮುಂದೆ ಕೈ ಆಡಿಸಲು ಹೇಳಿ, ಬೆರಳಿನ ಅಂಚಿನಲ್ಲಿ ಮುಖ ತುಯ್ದಾಡಿದಂತೆ ಕಂಡರೆ ಅದು ಫಿಲ್ಟರ್. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2021ರಲ್ಲೇ, ಸೌಂದರ್ಯ ಉತ್ಪನ್ನದ ಪರಿಣಾಮವನ್ನು ಉತ್ಪ್ರೇಕ್ಷಿಸುವ ಫಿಲ್ಟರನ್ನು ಜಾಹೀರಾತಿನಲ್ಲಿ ಹಾಕುವಂತಿಲ್ಲ ಎಂದು ಹೇಳಿತು. ನೀವು ಎಲ್ಲೇ ಇರಿ, ತರ್ಕ ಅದೇ.

4. ಸ್ಕ್ರಿಪ್ಟ್ ಬರೆಯುವುದು

ಈಗ ಒಂದು ಉದಾಹರಣೆ. ಪ್ಯಾಕೇಜಿನಲ್ಲಿ ಒಂದು ಟ್ರಯಲ್, ಮದುವೆ ದಿನದ ಮೇಕಪ್, ಕೇಶಾಲಂಕಾರ, ಉಡುಗೆ ತೊಡಿಸುವುದು ಇವೆ ಎಂದಿಟ್ಟುಕೊಳ್ಳಿ. ಮದುಮಗಳ ಕೆನ್ನೆಯಲ್ಲಿ ಮೊಡವೆ ಕಲೆ, ಒಂದೆರಡು ಗುಳಿ. ಕಾಗದವನ್ನು ಮೂರು ಭಾಗ ಮಾಡಿ ಸಮಯ, ಕಾಣುವುದು, ಕೇಳುವುದು ಎಂದು ಬರೆಯಬೇಕು. ತುಂಬಿದ ಮೇಲೆ ಅದು ಹೀಗಿರುತ್ತದೆ.

0–5 ಸೆಕೆಂಡು. ಕಿಟಕಿ ಪಕ್ಕ, ಮೇಕಪ್ ಇಲ್ಲದ ಮುಖ. ಮದುಮಗಳ ಧ್ವನಿ: "ಕೆನ್ನೆ ಮೇಲಿನ ಕಲೆ ಮುಚ್ಚುತ್ತಾ ಅಂತ ನಾನು ಮೊದಲು ಕೇಳಿದ್ದು."

5–12 ಸೆಕೆಂಡು. ಟ್ರಯಲ್ ದಿನ, ದವಡೆಯ ಮೇಲೆ ಮೂರು ಶೇಡ್‌ಗಳ ಗೆರೆ, ಕತ್ತೂ ಫ್ರೇಮಿನಲ್ಲಿ. ನಿಮ್ಮ ಧ್ವನಿ: "ಟ್ರಯಲ್ ದಿನ ಮೂರು ಶೇಡ್ ಹಚ್ಚಿ ನೋಡಿದ್ವಿ. ಕತ್ತಿಗೆ ಹೊಂದಿದ್ದು ನಡುವಿನದು."

12–19 ಸೆಕೆಂಡು. ಒಂದು ಕೆನ್ನೆಗೆ ಮಾತ್ರ ಹಚ್ಚಿ, ಎರಡೂ ಕೆನ್ನೆ ಕಾಣುವಂತೆ. "ಕಲೆ ಮೇಲೆ ಮೊದಲು ಕರೆಕ್ಟರ್, ಆಮೇಲೆ ತೆಳ್ಳಗೆ ಫೌಂಡೇಶನ್."

19–25 ಸೆಕೆಂಡು. ಅದೇ ಕೆನ್ನೆ, ಹತ್ತಿರದಿಂದ, ಪಕ್ಕದ ಬೆಳಕಿನಲ್ಲಿ. "ಕಲೆಯ ಬಣ್ಣ ಮುಚ್ಚಿದೆ. ಗುಳಿ ಹತ್ತಿರದಿಂದ ನೋಡಿದ್ರೆ ಕಾಣುತ್ತೆ."

25–30 ಸೆಕೆಂಡು. ಕೂದಲು ಕಟ್ಟುವುದು, ಉಡುಗೆ ತೊಡಿಸುವುದು, ವೇಗ ಹೆಚ್ಚಿಸಿ. ಮಾತಿಲ್ಲ, ಪರದೆಯ ಮೇಲೆ ಎರಡು ಪದ: "ಕೂದಲು", "ಉಡುಗೆ".

30–36 ಸೆಕೆಂಡು. ಕಿಟಕಿ ಪಕ್ಕದ ಅದೇ ಜಾಗ, ಮುಗಿದ ಅಲಂಕಾರ, ಕತ್ತು ಮತ್ತು ಕೈ ಕಾಣುವಂತೆ. ಪರದೆಯ ಮೇಲೆ: "ಅದೇ ಬೆಳಕು, ಫಿಲ್ಟರ್ ಇಲ್ಲ."

36–41 ಸೆಕೆಂಡು. ಸಮಾರಂಭ ಮುಗಿದ ಮೇಲೆ ತೆಗೆದ ತುಣುಕು. ಮದುಮಗಳು: "ಮೇಕಪ್ ಮಾಡಿ ಆರು ಗಂಟೆ ಆಯ್ತು. ಮೂಗಿನ ಹತ್ತಿರ ಒಂದ್ಸಲ ಒರೆಸಿಕೊಂಡೆ, ಲಿಪ್‌ಸ್ಟಿಕ್ ಮತ್ತೆ ಹಚ್ಚಿದೆ."

41–48 ಸೆಕೆಂಡು. ಪ್ಯಾಕೇಜಿನ ಪಟ್ಟಿ ಪರದೆಯ ಮೇಲೆ. ನಿಮ್ಮ ಧ್ವನಿ: "ಪ್ಯಾಕೇಜಲ್ಲಿ ಇಷ್ಟಿದೆ. ಪ್ರಯಾಣ ಮತ್ತು ಮನೆಯವರ ಮೇಕಪ್ ಬೇರೆ. ದಿನಾಂಕ ಹೇಳಿ, ಖಾಲಿ ಇದೆಯಾ ನೋಡಿ ತಿಳಿಸ್ತೀವಿ."

19ನೇ ಸೆಕೆಂಡಿನ ಗುಳಿಯ ಮಾತನ್ನು ಬಹಳ ಮಂದಿ ಕೊನೆಯ ಗಳಿಗೆಯಲ್ಲಿ ಕತ್ತರಿಸಿಬಿಡುತ್ತಾರೆ. ಬೇಡ. ನೋಡುವವಳು ಉಳಿದ ಮಾತುಗಳನ್ನು ನಂಬುವುದು ಆ ಸಾಲಿನಿಂದಲೇ, ಗುಳಿ ಇರುವವಳಿಗೆ ಏನು ನಿರೀಕ್ಷಿಸಬಹುದೆಂದು ತಿಳಿಯುವುದೂ ಅಲ್ಲೇ. ಆದರೆ ಮದುಮಗಳ ಮುಖದ ಕೊರತೆಯನ್ನು ಎತ್ತಿ ಆಡುವಂತೆ ಆ ಮಾತು ಕೇಳಬಾರದು. ಅದಕ್ಕೇ ಮೊದಲ ಪ್ರಶ್ನೆಯನ್ನು ಅವಳ ಬಾಯಿಂದಲೇ ಕೇಳಿಸಿದ್ದು. "ಎಂಥ ಮುಖ ಹೇಗಾಯ್ತು ನೋಡಿ" ಎಂಬ ಧಾಟಿ ಎಲ್ಲೂ ನುಸುಳದಿರಲಿ.

ಆರು ಗಂಟೆಯ ತುಣುಕು ಉದಾಹರಣೆ ಮಾತ್ರ. ನಿಮ್ಮ ಮದುಮಗಳು ಮೇಕಪ್ ಆಗಿ ನಾಲ್ಕು ಗಂಟೆಯ ನಂತರ ತೆಗೆದದ್ದನ್ನು ಕಳುಹಿಸಿದರೆ ನಾಲ್ಕು ಎಂದೇ ಬರೆಯಿರಿ. ಹೊರಡುವಾಗಲೇ ಅವಳ ಜೊತೆಗಿರುವ ಒಬ್ಬರಿಗೆ "ಮುಗಿದ ಮೇಲೆ ಐದು ಸೆಕೆಂಡು ತೆಗೆದು ಕಳಿಸಿ, ಫಿಲ್ಟರ್ ಬೇಡ" ಎಂದು ಹೇಳಿಟ್ಟಿರಿ, ಇಲ್ಲದಿದ್ದರೆ ಅದು ಬರುವುದಿಲ್ಲ. ಬರಲೇ ಇಲ್ಲವಾದರೆ ಗಂಟೆಯ ಮಾತನ್ನೇ ತೆಗೆದುಹಾಕಿ.

ಹೊರಡುವ ಮುಂಚೆ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಿ. ಸಿಲಿಕಾ ಹೆಚ್ಚಿರುವ ಪೌಡರ್ ಅಥವಾ ಬಿಸಿಲು ತಡೆಯುವ ಕೆಲವು ಕ್ರೀಮ್‌ಗಳು ಫ್ಲ್ಯಾಶ್ ಬೆಳಕನ್ನು ಹಿಂದಕ್ಕೆ ಎಸೆದು ಮುಖದ ಮೇಲೆ ಬಿಳಿ ಮಚ್ಚೆ ಮೂಡಿಸುತ್ತವೆ. ಇದಕ್ಕೆ ಫ್ಲ್ಯಾಶ್‌ಬ್ಯಾಕ್ ಎನ್ನುತ್ತಾರೆ. ಮಚ್ಚೆ ಬಂದಿಲ್ಲವಾದರೆ ಆ ಫೋಟೋ ಕೂಡ ರೀಲಿಗೆ ಒಳ್ಳೆಯ ಸಾಕ್ಷಿ, ಬಂದರೆ ಸರಿಪಡಿಸಲು ಇನ್ನೂ ಸಮಯವಿರುತ್ತದೆ.

5. ಜೋರಾಗಿ ಓದಿ, ಅಳತೆ ಮಾಡಿ

ಬರೆದದ್ದನ್ನು ಗಡಿಯಾರ ಹಿಡಿದು ಜೋರಾಗಿ ಓದಿ. ಏಳು ಸೆಕೆಂಡಿನ ಶಾಟಿಗೆ ಬರೆದ ಮಾತು ಐದೂವರೆ ಸೆಕೆಂಡಿನಲ್ಲಿ ಮುಗಿಯಬೇಕು, ಉಳಿದದ್ದು ನೋಡುವ ಸಮಯ. ಉಸಿರು ಕಟ್ಟಿಕೊಂಡು ಓದಬೇಕಾದರೆ ವಾಕ್ಯ ಮೊಟಕು ಮಾಡಿ. ಬರೆಯುವ ಕನ್ನಡ ಬೇಡ, ಕೌಂಟರಿನಲ್ಲಿ ಮಾತಾಡುವ ಕನ್ನಡವೇ ಇರಲಿ.

ಬಹಳ ಜನ ಧ್ವನಿ ಮುಚ್ಚಿ ನೋಡುವುದರಿಂದ ಮುಖ್ಯ ಮಾತುಗಳು ಅಕ್ಷರದಲ್ಲೂ ಬರಬೇಕು. ವಿಡಿಯೊ ಉದ್ದಕ್ಕೆ, 1080×1920 ಅಳತೆಯಲ್ಲಿರುತ್ತದೆ. ಕೆಳಭಾಗದಲ್ಲಿ ಹೆಸರು ಮತ್ತು ಕ್ಯಾಪ್ಶನ್, ಬಲಬದಿಯಲ್ಲಿ ಗುಂಡಿಗಳು ಬಂದು ಕೂರುತ್ತವೆ. ಅಕ್ಷರವನ್ನು ನಡುಭಾಗದಲ್ಲಿ, ಮುಖ ಮುಚ್ಚದಂತೆ ಇಡಿ. ಪ್ಯಾಕೇಜಿನ ಪಟ್ಟಿ ನಾಲ್ಕು ಸಾಲಿಗಿಂತ ಉದ್ದವಾದರೆ ಯಾರೂ ಓದಲಾರರು. 'ಬೇರೆ ಲೆಕ್ಕ' ಎನ್ನುವ ಸಾಲನ್ನು ಸಣ್ಣಕ್ಷರಕ್ಕೆ ತಳ್ಳಬೇಡಿ. ಬೆಲೆ ಹೇಳುವುದಾದರೆ ಆ ಪಟ್ಟಿಯಲ್ಲಿರುವುದಕ್ಕೆಲ್ಲ ಸೇರಿದ ಬೆಲೆ ಹೇಳಿ. "ಇಷ್ಟರಿಂದ ಆರಂಭ" ಎಂದು ಬರೆದು, ಆ ಬೆಲೆಗೆ ಸಿಗದ ಅಲಂಕಾರವನ್ನು ತೋರಿಸುವುದು ಜಗಳಕ್ಕೆ ಆಹ್ವಾನ.

6. ಎಡಿಟ್ ಮಾಡುವಾಗ

ಕತ್ತರಿಸಬಹುದು, ವೇಗ ಹೆಚ್ಚಿಸಬಹುದು, ಎಲ್ಲ ಶಾಟಿಗೂ ಒಂದೇ ಪ್ರಮಾಣದಲ್ಲಿ ಬೆಳಕು ಏರಿಸಬಹುದು. 'ನಂತರ'ದ ಶಾಟಿಗೆ ಮಾತ್ರ ಬಣ್ಣ ತಿದ್ದುವುದು, ಚರ್ಮ ನುಣುಪಾಗಿಸುವುದು, ಕಣ್ಣು ಹಿಗ್ಗಿಸುವುದು ಕೂಡದು. ವೇಗ ಹೆಚ್ಚಿಸಿದ ಕಡೆ ಒಟ್ಟು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಬರೆದರೆ, ಅರ್ಧ ಗಂಟೆಯಲ್ಲಿ ಮುಗಿಸಿಕೊಡಿ ಎನ್ನುವ ಕರೆಗಳು ಕಡಿಮೆಯಾಗುತ್ತವೆ. ಹಾಡಿನ ವಿಷಯದಲ್ಲಿ ಒಂದು ಎಚ್ಚರಿಕೆ: ಇನ್‌ಸ್ಟಾಗ್ರಾಮ್‌ನಲ್ಲಿ ಬಿಸಿನೆಸ್ ಖಾತೆಗೆ ಎಲ್ಲ ಹಾಡುಗಳೂ ಸಿಗುವುದಿಲ್ಲ. ಸಿಕ್ಕಿದ ಕಡೆಯಿಂದ ಸೇರಿಸಿದರೆ ಧ್ವನಿಯನ್ನೇ ಕತ್ತರಿಸಿಬಿಡಬಹುದು, ಆಗ ನಿಮ್ಮ ಮಾತೂ ಹೋಗುತ್ತದೆ.

7. ಹಾಕುವ ಮುಂಚೆ ಇಬ್ಬರಿಗೆ ತೋರಿಸಿ

ಮೊದಲು ಮದುಮಗಳಿಗೆ, ಪೂರ್ತಿ ಎಡಿಟ್ ಆದದ್ದನ್ನೇ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರೂ ತನ್ನ ಬರಿಮುಖವನ್ನು ಪರದೆಯ ಮೇಲೆ ಕಂಡಾಗ ಅವಳ ಮನಸ್ಸು ಬದಲಾಗಬಹುದು. ಹಾಗಾದರೆ ಕೆನ್ನೆಯ ಹತ್ತಿರದ ಶಾಟನ್ನಷ್ಟೇ ಉಳಿಸಿ ಮುಖ ಗುರುತಾಗದಂತೆ ಮಾಡಲು ಒಪ್ಪುತ್ತಾಳೇನೋ ಕೇಳಿ. ಅದೂ ಬೇಡವೆಂದರೆ ಬಿಟ್ಟುಬಿಡಿ.

ಆಮೇಲೆ ಪಾರ್ಲರಿಗೆ ಸಂಬಂಧವೇ ಇಲ್ಲದ ಒಬ್ಬರಿಗೆ ತೋರಿಸಿ, "ಈ ಪ್ಯಾಕೇಜ್ ತಗೊಂಡ್ರೆ ನಿಮಗೆ ಏನೇನು ಸಿಗುತ್ತೆ ಅನ್ನಿಸ್ತು?" ಎಂದು ಕೇಳಿ. ಚೆನ್ನಾಗಿದೆಯಾ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಪ್ರಯೋಜನವಿಲ್ಲ. ಅವರು ಹೇಳಿದ ಪಟ್ಟಿಯನ್ನು ನಿಮ್ಮ ಹಾಳೆಯ ಪಕ್ಕದಲ್ಲಿಡಿ. ಹಾಳೆಯಲ್ಲಿಲ್ಲದ್ದು ಅವರ ಬಾಯಲ್ಲಿ ಬಂದರೆ, ಉದಾಹರಣೆಗೆ ಮದುಮಗಳು ತೊಟ್ಟ ಆಭರಣವೂ ಸೇರಿದೆ ಅಂದುಕೊಂಡಿದ್ದರೆ, ಆ ಭ್ರಮೆ ಹುಟ್ಟಿಸಿದ ಶಾಟ್ ಯಾವುದೆಂದು ಹುಡುಕಿ, ಅಲ್ಲೇ "ಆಭರಣ ಮದುಮಗಳದ್ದು" ಎಂದು ಒಂದು ಸಾಲು ಹಾಕಿ.

ರೀಲ್ ಹಾಕಿದ ಮೇಲೆ ಪ್ಯಾಕೇಜ್ ಬದಲಾದರೆ, ಬೆಲೆ ಬದಲಾದರೆ, ಅಥವಾ ಆ ಮೇಕಪ್ ಮಾಡಿದ ಹುಡುಗಿ ನಿಮ್ಮಲ್ಲಿ ಕೆಲಸ ಬಿಟ್ಟರೆ ಅದನ್ನು ಆರ್ಕೈವ್‌ಗೆ ಹಾಕಿ, ಅಂದರೆ ಅಳಿಸದೆ ಮರೆಮಾಡಿ. ಹೊಸ ಕೈಯ ಕೆಲಸದ ಮೇಲೆ ಹೊಸ ರೀಲ್ ತೆಗೆಯಲು ನೆಲದ ಮೇಲಿನ ಟೇಪ್, ಮೂರು ಭಾಗದ ಆ ಕಾಗದ ಎರಡೂ ಹಾಗೇ ಉಪಯೋಗಕ್ಕೆ ಬರುತ್ತವೆ.